ಪೇಪರ್ ಕಾಣುತ್ತೆ, ಹಂಪು ಕಾಣೋದಿಲ್ಲ

ಅರವತ್ತು ದಾಟಿದ ಕೆಲವರಿಗೆ ಕಣ್ಣಿನ ವಿಷಯದಲ್ಲಿ ಬೆರಗು ಹುಟ್ಟಿಸುವ ಒಂದು ಬದಲಾವಣೆಯಾಗುತ್ತದೆ. ಓದುವ ಕನ್ನಡಕವಿಲ್ಲದೆ ಇಪ್ಪತ್ತು ವರ್ಷದಿಂದ ಪೇಪರಿನ ತಲೆಬರಹ ಬಿಟ್ಟು ಬೇರೇನೂ ಕಾಣದವರು, ಕನ್ನಡಕ ಹುಡುಕುವ ಮೊದಲೇ ವರ್ಗೀಕೃತ ಜಾಹೀರಾತಿನ ಸಣ್ಣ ಅಕ್ಷರಗಳನ್ನೂ ಓದಿ ಮುಗಿಸಿರುತ್ತಾರೆ. ಮಾತ್ರೆಯ ಹಾಳೆಯ ಮೇಲಿನ ತಾರೀಖು ಕಾಣುತ್ತದೆ. ಕರೆಂಟ್ ಬಿಲ್ಲು ಕಾಣುತ್ತದೆ. ಬೆಳಗಿನ ನಡಿಗೆಯಿಂದಲೋ ನುಗ್ಗೆಸೊಪ್ಪಿನಿಂದಲೋ ಕಣ್ಣು ಮತ್ತೆ ಚುರುಕಾಯಿತು ಎಂದು ಮನೆಯವರೂ ಒಪ್ಪಿಕೊಳ್ಳುತ್ತಾರೆ. ಕನ್ನಡಕ ಮೇಜಿನ ಖಾನೆ ಸೇರುತ್ತದೆ. ಹಾಗೆ ಕನ್ನಡಕ ಬಿಟ್ಟವರು ಕಾರು ಓಡಿಸುವವರಾಗಿದ್ದರೆ ಯೋಚಿಸಬೇಕಾದ ಸಂಗತಿ ಅಲ್ಲಿಂದ ಶುರುವಾಗುತ್ತದೆ.

ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಬರೆದುಕೊಡುವುದು ನನ್ನ ಕೆಲಸ. ಇಂಥವರನ್ನು ಮನೆಯ ಮಕ್ಕಳು ಕರೆತರುತ್ತಾರೆ, ಹೆಚ್ಚಿನ ಸಲ ಜಗಳವಾಡಿಕೊಂಡೇ ಬಂದಿರುತ್ತಾರೆ. ಅರಸೀಕೆರೆ ಕಡೆಯ ಅಪ್ಪ–ಮಗಳು ಮಾತ್ರ ಹಾಗೆ ಬರಲಿಲ್ಲ. ಅಪ್ಪನಿಗೆ 64, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ವಾರದಲ್ಲಿ ನಾಲ್ಕಾರು ದಿನ ತಿಪಟೂರು ಕಡೆಯ ತೆಂಗಿನ ತೋಟಕ್ಕೆ ತಾವೇ ಕಾರು ಓಡಿಸಿಕೊಂಡು ಹೋಗಿಬರುತ್ತಾರೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಅಪ್ಪನನ್ನು ಹೇಗೆ ಒಪ್ಪಿಸಿದಿರಿ ಎಂದು ಕೇಳಿದಾಗ ಆಕೆ ಫೋನು ತೆರೆದು ತಾನು ಕಳಿಸಿದ್ದ ಸಂದೇಶ ತೋರಿಸಿದಳು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ಒಂದೆರಡು ವಿವರ ಬದಲಿಸಿ ಅದನ್ನು ಇಲ್ಲಿ ಕೊಡುತ್ತಿದ್ದೇನೆ.

"ಅಪ್ಪಾ, ಫೋನಲ್ಲಿ ಹೇಳಿದ್ರೆ ನೀವು 'ಆಯ್ತು ಬಿಡಮ್ಮ' ಅಂತ ಇಟ್ಟುಬಿಡ್ತೀರಿ, ಅದಕ್ಕೇ ಬರೀತಿದೀನಿ. ಹಬ್ಬಕ್ಕೆ ಬಂದಾಗ ನೀವು ಕನ್ನಡಕ ಇಲ್ದೇ ಪೇಪರ್ ಓದಿದ್ದು ನಾನೂ ನೋಡಿದೆ. ನಿಜವಾಗ್ಲೂ ಓದ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಹಳೇ ಕನ್ನಡಕ ಹಾಕ್ಕೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ರಲ್ಲ, ಅದನ್ನೂ ನಂಬ್ತೀನಿ. ಅದನ್ನೇ ಮತ್ತೆ ಹಾಕ್ಕೊಳ್ಳಿ ಅಂತ ನಾನು ಹೇಳಲ್ಲ.

ಆದ್ರೆ ತೋಟಕ್ಕೆ ಹೋಗೋವಾಗ ಒಂದು ವಿಷಯ ನೋಡಿದೆ ಅಪ್ಪಾ. ದಾರಿ ಪೂರ್ತಿ ಅಮ್ಮ 'ಹಂಪು ಬಂತು, ಹಂಪು ಬಂತು' ಅಂತ ಹೇಳ್ತಾನೇ ಇದ್ರು. ಅಮ್ಮ ನನ್ನ ಜೊತೆ ಮಾತಾಡ್ತಾ ಹೇಳೋದು ಮರೆತ ಕಡೆ ಗಾಡಿ ಎಗರಿ ಬಿತ್ತು. ಚಿಕ್ಕೋಳಿದ್ದಾಗ ನಾನು ಹಿಂದಿನ ಸೀಟಲ್ಲಿ ಮಲಗಿದ್ರೆ ನಂಗೆ ಎಚ್ಚರ ಆಗ್ದಂಗೆ ಹಂಪು ದಾಟಿಸ್ತಿದ್ರಿ ನೀವು. ನಿಮ್ಮ ಕೈ ಇವತ್ತಿಗೂ ಹಾಗೇ ಇದೆ. ದೂರದ್ದು ಕಣ್ಣಿಗೆ ತಡವಾಗಿ ಸಿಗ್ತಿದೆ ಅನ್ನೋದಷ್ಟೇ ನನ್ನ ಅನುಮಾನ.

ಭಾನುವಾರ ಬರ್ತೀನಿ. ಮನೆ ಹತ್ರ ಬೇಡ, ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೇಲಿ ಗುರುತಿಲ್ದಿರೋ ಕಾರು ನಿಂತಿರ್ತಾವಲ್ಲ, ಅಲ್ಲಿ ಟೇಪ್ ಹಿಡಿದು 25 ಮೀಟರ್ ಅಳೆಯೋಣ. ನಂಬರ್ ಪ್ಲೇಟ್ ನಾನೂ ಓದ್ತೀನಿ, ನೀವೂ ಓದಿ. ಲೈಸೆನ್ಸ್ ಅರ್ಜೀಲಿ ಕೇಳೋದೂ ಇದನ್ನೇ. ನೀವು ಓದಿದ್ರೆ ಈ ಮಾತು ನಾನು ಇನ್ನು ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಸೋಮವಾರ ಇಬ್ರೂ ಹೋಗಿ ಕಣ್ಣು ತೋರಿಸ್ಕೊಂಡು ಬರೋಣ, ರಜೆ ಹಾಕಿದೀನಿ. ಕಾರಿನ ಕೀಲಿ ನಿಮ್ಹತ್ರಾನೇ ಇರುತ್ತೆ, ನಾನು ಕೇಳಲ್ಲ. ಅಲ್ಲಿವರೆಗೂ ತೋಟಕ್ಕೆ ಚಿಕ್ಕಪ್ಪನ ಗಾಡೀಲಿ ಹೋಗಿ ಬನ್ನಿ. ಇದೊಂದು ನನಗೋಸ್ಕರ."

ಅಪ್ಪ ಒಂದು ರಾತ್ರಿ ಕಳೆದು ಉತ್ತರ ಬರೆದಿದ್ದರು: "ಟೇಪ್ ನನ್ನ ಹತ್ತಿರ ಇದೆ. ಬಾ."

ಈ ಸಂದೇಶ ಕೆಲಸ ಮಾಡಿದ್ದು ಅದರಲ್ಲಿರುವ ಪ್ರೀತಿಯಿಂದ ಮಾತ್ರವಲ್ಲ. ಅಪ್ಪ ಹೇಳುತ್ತಿದ್ದ ಎರಡು ಮಾತನ್ನೂ ಮಗಳು ನಿಜವೆಂದು ಒಪ್ಪಿಕೊಂಡಳು, ಮತ್ತು ಆ ಎರಡೂ ಮಾತು ನಿಜವಾಗಿಯೇ ಸರಿಯಾಗಿದ್ದವು. ಕನ್ನಡಕವಿಲ್ಲದೆ ಓದಬಲ್ಲೆ ಎನ್ನುವವರಿಗೆ ಹಟಮಾರಿ ಎಂದರೆ ಅವರಿಗೆ ನೋವಾಗುತ್ತದೆ, ಏಕೆಂದರೆ ಅವರು ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ತಪ್ಪಿರುವುದು ಆ ಅನುಭವದಿಂದ ಹೊರಡಿಸಿದ ತೀರ್ಮಾನದಲ್ಲಿ. ಹತ್ತಿರದ್ದು ಸುಧಾರಿಸಿದೆ ಎಂದರೆ ಕಣ್ಣೇ ಸುಧಾರಿಸಿದೆ ಎಂದು ಅವರು ಭಾವಿಸುತ್ತಾರೆ. ಆದರೆ ಈ ವಯಸ್ಸಿನಲ್ಲಿ ಹತ್ತಿರದ ನೋಟ ತಾನಾಗಿ ತಿಳಿಯಾದರೆ, ದೂರದ ನೋಟ ಅಷ್ಟೇ ಮಟ್ಟಿಗೆ ಮಸುಕಾಗಿದೆ ಎಂದೇ ಮೊದಲು ಅನುಮಾನಿಸಬೇಕು.

ಕಾರಣ ಕಣ್ಣಿನೊಳಗಿನ ಲೆನ್ಸಿನಲ್ಲಿದೆ. ಪಾಪೆಯ ಹಿಂದೆ ಇರುವ ಈ ಪುಟ್ಟ ಲೆನ್ಸು ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ಹೊಸ ಪದರ ಹೊರಗೆ ಸೇರುತ್ತ ಹೋದಂತೆ ಹಳೆಯವು ನಡುವಿಗೆ ಒತ್ತರಿಸಿಕೊಳ್ಳುತ್ತವೆ, ಉದುರಿ ಹೋಗುವುದಿಲ್ಲ. ನಲವತ್ತರ ಹೊತ್ತಿಗೆ ಲೆನ್ಸು ಗಡುಸಾಗಿ ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬಲಾರದಾಗುತ್ತದೆ. ಎಲ್ಲರಿಗೂ ಓದುವ ಕನ್ನಡಕ ಬರುವುದು ಇದರಿಂದಲೇ. ಅರವತ್ತರ ಆಚೆ ಕೆಲವರಲ್ಲಿ ನಡುವಿನ ಗಟ್ಟಿಭಾಗ ಇನ್ನಷ್ಟು ಸಾಂದ್ರವಾಗಿ ಹಳದಿಗೆ ತಿರುಗುತ್ತದೆ. ಪೊರೆ ಎಂದು ನಾವು ಕರೆಯುವುದರಲ್ಲಿ ಇದೊಂದು ಬಗೆ. ಸಾಂದ್ರವಾದ ಲೆನ್ಸು ಬೆಳಕನ್ನು ಮೊದಲಿಗಿಂತ ಹೆಚ್ಚು ಬಗ್ಗಿಸುತ್ತದೆ. ದೂರದಿಂದ ಬಂದ ಬೆಳಕು ಕಣ್ಣಿನ ಪರದೆಗೆ ತಲುಪುವ ಮೊದಲೇ ಕೂಡಿಕೊಂಡು, ಪರದೆಯ ಮೇಲೆ ಬೀಳುವಾಗ ಮತ್ತೆ ಹರಡಿಕೊಂಡಿರುತ್ತದೆ. ಹತ್ತಿರದ ಪೇಪರಿನ ಬೆಳಕು ಮಾತ್ರ ಸರಿಯಾಗಿ ಪರದೆಯ ಮೇಲೆ ಕೂಡುತ್ತದೆ. ಅಂದರೆ ಕಣ್ಣಿಗೆ ಮೈನಸ್ ನಂಬರ್ ಬಂದಿದೆ. ಓದುವ ಕನ್ನಡಕ ಹೊರಗಿನಿಂದ ಕೊಡುತ್ತಿದ್ದ ಶಕ್ತಿಯನ್ನು ಈಗ ಪೊರೆ ಒಳಗಿನಿಂದಲೇ ಕೊಡುತ್ತಿದೆ. ವ್ಯತ್ಯಾಸವಿಷ್ಟೇ: ಕನ್ನಡಕವನ್ನು ತೆಗೆದಿಟ್ಟು ದೂರ ನೋಡಬಹುದಿತ್ತು, ಇದನ್ನು ತೆಗೆದಿಡಲು ಬರುವುದಿಲ್ಲ.

ಮೇಷ್ಟ್ರ ಕಣ್ಣನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಹಳೆಯ ಚೀಟಿಯಲ್ಲಿ ದೂರದ ನಂಬರ್ ಎರಡೂ ಕಣ್ಣಿಗೆ ಮೈನಸ್ 0.75, ಓದಲು ಕೆಳಭಾಗದಲ್ಲಿ 2.50 ಸೇರಿಸಿದ ಬೈಫೋಕಲ್. ನಾನು ಪರೀಕ್ಷಿಸಿದಾಗ ಬಲಗಣ್ಣು ಮೈನಸ್ 2.25ಕ್ಕೆ, ಎಡಗಣ್ಣು ಮೈನಸ್ 1.75ಕ್ಕೆ ಏರಿತ್ತು. ಮೈನಸ್ ನಂಬರಿನ ಕಣ್ಣಿಗೆ ಎಷ್ಟು ದೂರದವರೆಗೆ ತಿಳಿಯಾಗಿ ಕಾಣುತ್ತದೆ ಎಂದು ತಿಳಿಯಲು ಒಂದು ಮೀಟರನ್ನು ಆ ನಂಬರಿನಿಂದ ಭಾಗಿಸಬೇಕು. 2.25ರಿಂದ ಭಾಗಿಸಿದರೆ ಸುಮಾರು 44 ಸೆಂಟಿಮೀಟರ್ ಸಿಗುತ್ತದೆ. ಕುರ್ಚಿಯಲ್ಲಿ ಕೂತು ಪೇಪರ್ ಹಿಡಿಯುವ ದೂರ ಅದೇ. ಹಾಗಾಗಿ ಬಲಗಣ್ಣೊಂದರಿಂದಲೇ ಅವರು ಸಲೀಸಾಗಿ ಓದುತ್ತಿದ್ದರು. ಆ ದೂರದ ಆಚೆಗಿನ ಎಲ್ಲವೂ ಆ ಕಣ್ಣಿಗೆ ಹೆಚ್ಚು ಕಡಿಮೆ ಮಸುಕೇ.

ಎರಡನೆಯ ಮಾತು, ಹಳೆಯ ಕನ್ನಡಕ ಹಾಕಿದರೂ ಅಷ್ಟೇ ಎಂಬುದು. ಅದೂ ಲೆಕ್ಕಕ್ಕೆ ಹೊಂದುತ್ತದೆ. ಆ ಕನ್ನಡಕದ ಮೇಲ್ಭಾಗ ತಿದ್ದುತ್ತಿದ್ದುದು 0.75 ಮಾತ್ರ, ಬಲಗಣ್ಣಿಗೆ ಇನ್ನೂ ಒಂದೂವರೆ ಬಾಕಿ ಉಳಿಯುತ್ತಿತ್ತು. ದೂರದ್ದು ಹಾಕಿದರೆ ತುಸು ವಾಸಿ, ಅಷ್ಟೇ. ಓದುವ ಭಾಗವಂತೂ ಉಲ್ಟಾ ಕೆಲಸ ಮಾಡುತ್ತಿತ್ತು. ತಾನಾಗಿಯೇ ಹತ್ತಿರಕ್ಕೆ ಹೊಂದಿಕೊಂಡಿದ್ದ ಕಣ್ಣಿಗೆ ಅದು ಇನ್ನಷ್ಟು ಶಕ್ತಿ ಸೇರಿಸಿ, ಪೇಪರನ್ನು 25 ಸೆಂಟಿಮೀಟರಿನಷ್ಟು ಮೂಗಿನ ಹತ್ತಿರ ಹಿಡಿಯುವಂತೆ ಮಾಡುತ್ತಿತ್ತು. ಓದಲು ತೊಂದರೆ ಕೊಡುವ, ದೂರಕ್ಕೆ ಹೇಳಿಕೊಳ್ಳುವಂಥ ಉಪಕಾರ ಮಾಡದ ಕನ್ನಡಕವನ್ನು ಯಾರಾದರೂ ಏಕೆ ಹಾಕಿಕೊಳ್ಳುತ್ತಾರೆ? "ಕನ್ನಡಕ ಹಾಕ್ಕೊಳ್ಳಿ ಅಪ್ಪಾ" ಎಂದು ದಿನಾ ಹೇಳುವ ಮನೆಗಳಲ್ಲಿ ಮಾತು ಮುರಿದುಬೀಳುವುದು ಇಲ್ಲಿಯೇ. ಅವರು ಖಾನೆಯಿಂದ ಹಳೆಯದನ್ನು ತೆಗೆದು ಹಾಕಿ ನೋಡುತ್ತಾರೆ, ಪ್ರಯೋಜನ ಕಾಣುವುದಿಲ್ಲ, ಮಕ್ಕಳು ಸುಮ್ಮನೆ ಹೆದರುತ್ತಾರೆ ಎಂದುಕೊಂಡು ಮತ್ತೆ ತೆಗೆದಿಡುತ್ತಾರೆ. ಕೇಳಬೇಕಾದದ್ದು ಹಳೆಯದನ್ನು ಹಾಕಿಕೊಳ್ಳಿ ಎಂದಲ್ಲ, ಕಣ್ಣನ್ನು ಮತ್ತೆ ಅಳೆಸಿ ಎಂದು.

ಇಷ್ಟು ಬದಲಾವಣೆಯಾದರೂ ಅವರಿಗೇ ಏಕೆ ತಿಳಿಯಲಿಲ್ಲ ಎಂದು ಮಗಳು ಕೇಳಿದಳು. ತಿಂಗಳು ತಿಂಗಳಿಗೆ ಕೂದಲೆಳೆಯಷ್ಟು ಬದಲಾಗುವುದನ್ನು ಹೋಲಿಸಿ ನೋಡಲು ಯಾರಿಗೂ ನಿನ್ನೆಯ ಕಣ್ಣು ಇರುವುದಿಲ್ಲ. ಜೊತೆಗೆ, ಮಸುಕು ಕಣ್ಣಿಗೂ ರಸ್ತೆಯ ಮೇಲೆ ದೊಡ್ಡದೆಲ್ಲ ಕಾಣುತ್ತದೆ. ಬಸ್ಸು ಕಾಣುತ್ತದೆ, ಲಾರಿ ಕಾಣುತ್ತದೆ, ಎದುರಿನ ಕಾರು, ರಸ್ತೆಯ ತಿರುವು, ಸಿಗ್ನಲ್ಲಿನ ಕೆಂಪು ಎಲ್ಲವೂ ಕಾಣುತ್ತದೆ. ಆದ್ದರಿಂದ ಎಲ್ಲ ಕಾಣುತ್ತಿದೆ ಎಂದೇ ಓಡಿಸುವವರಿಗೆ ಅನಿಸುತ್ತದೆ. ಕಳೆದುಹೋಗುವುದು ಚಿಕ್ಕದು ಮತ್ತು ಹಿನ್ನೆಲೆಯಿಂದ ಬಣ್ಣದಲ್ಲಿ ಬೇರೆಯಾಗಿ ಎದ್ದು ನಿಲ್ಲದ್ದು. ಬಿಳಿ ಪಟ್ಟೆ ಅಳಿಸಿಹೋದ ಹಂಪು ರಸ್ತೆಯದೇ ಬಣ್ಣ. ಗುಂಡಿಯೂ ಹಾಗೆಯೇ. ಸಂಜೆ ಮಣ್ಣುಬಣ್ಣದ ಪಂಚೆ ಸುತ್ತಿಕೊಂಡು ರಸ್ತೆ ಅಂಚಿನಲ್ಲಿ ನಡೆಯುವವರು, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್, ರಸ್ತೆಯಲ್ಲೇ ಮಲಗಿದ ದನ, ಇವೆಲ್ಲ ಕಾಣದೆ ಇರುವುದಿಲ್ಲ, ತಡವಾಗಿ ಕಾಣುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಕಂಡದ್ದು ಏನೆಂದು ಅರಿತು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ 20–25 ಮೀಟರ್ ಕಳೆದಿರುತ್ತದೆ, ಗಾಡಿ ನಿಲ್ಲಲು ಒಣ ರಸ್ತೆಯಲ್ಲೂ ಮತ್ತೆ ಸುಮಾರು ಅಷ್ಟೇ ಬೇಕು.

ಈ ತಡವನ್ನು ತುಂಬಿಕೊಡಲು ಮನೆಯವರು ತಮಗರಿವಿಲ್ಲದೆ ಮುಂದಾಗುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು ಹಂಪು ಬಂತು ಎನ್ನುವ ಅಮ್ಮಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ಅದು ಅವರ ಗಾಬರಿ ಸ್ವಭಾವ ಎಂದು ಎಲ್ಲರೂ ತಿಳಿದಿರುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ನಂಬಬಹುದಾದ ಸೂಚನೆ ಇನ್ನೊಂದಿಲ್ಲ. ಕಣ್ಣು ಕಿರಿದು ಮಾಡಿ ಬೋರ್ಡು ನೋಡುವುದು, ರಾತ್ರಿ ಮುಂದಿನ ಬಸ್ಸಿನ ಕೆಂಪು ದೀಪ ಹಿಡಿದುಕೊಂಡೇ ಸಾಗುವುದು, ಟಿ.ವಿ. ಕುರ್ಚಿ ಮುಂದಕ್ಕೆ ಬಂದಿರುವುದು, ರಾತ್ರಿ ಮದುವೆಗಳಿಗೆ ಹೋಗಲು ನೆಪ ಹೇಳುವುದು, ಇವೂ ಜೊತೆಗಿರುತ್ತವೆ.

ಮಗಳು ಆರಿಸಿಕೊಂಡ ನಂಬರ್ ಪ್ಲೇಟ್ ಪರೀಕ್ಷೆ ಬಹಳ ಒಳ್ಳೆಯದು, ಏಕೆಂದರೆ ಅದರಲ್ಲಿ ತೀರ್ಪು ಹೇಳುವುದು ಮಗಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಚಾಲಕರು ತಾವೇ ಸಹಿ ಹಾಕಿ ಕೊಡುವ ನಮೂನೆ 1 ಇದೆ. ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಅದನ್ನು ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ ಎಂದು ಅದರಲ್ಲಿ ಕೇಳಲಾಗಿದೆ. ಹೆಚ್ಚಿನವರು ಹೌದು ಎಂದು ಗುರುತು ಹಾಕಿರುತ್ತಾರೆ, ಅಳೆದು ನೋಡಿರುವುದಿಲ್ಲ. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಲೈಸೆನ್ಸ್ ನವೀಕರಣವಾಗುವುದು ಐದೈದು ವರ್ಷಕ್ಕೆ. ಪೊರೆಯ ಕಣ್ಣು ನಡುವಿನ ಐದು ವರ್ಷದಲ್ಲಿ ಸಾಕಷ್ಟು ಬದಲಾಗಬಲ್ಲದು, ಆ ಅವಧಿಯಲ್ಲಿ ಕೇಳುವವರಿರುವುದಿಲ್ಲ.

ಕಾರಿನ ಪ್ಲೇಟಿನ ಅಕ್ಷರದ ಎತ್ತರ ನಿಯಮದ ಪ್ರಕಾರ 65 ಮಿಲಿಮೀಟರ್. ನಮ್ಮ ಕೋಣೆಯಲ್ಲಿ ತೂಗುವ ಅಕ್ಷರದ ಚಾರ್ಟಿಗೂ ಇದಕ್ಕೂ ನೇರ ನಂಟಿದೆ. ಚಾರ್ಟಿನಲ್ಲಿ 6/6 ಎಂಬ ಸಾಲಿನ ಅಕ್ಷರ ಆರು ಮೀಟರಿನಿಂದ ನೋಡಿದಾಗ ಎಷ್ಟು ಚಿಕ್ಕದಾಗಿ ಕಾಣುತ್ತದೋ, ಪ್ಲೇಟಿನ ಅಕ್ಷರ ಸುಮಾರು 45 ಮೀಟರಿನಿಂದ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ 6/6 ಇರುವವರು 45 ಮೀಟರಿನಿಂದ ಓದಬಲ್ಲರು. 6/12 ಎಂದರೆ ಅದರ ಅರ್ಧ, 22 ಮೀಟರ್. 6/18 ಎಂದರೆ ಮೂರನೇ ಒಂದು, 15 ಮೀಟರ್. 6/24 ಎಂದರೆ ಕಾಲು ಭಾಗ, 11 ಮೀಟರ್. 25 ಮೀಟರಿನ ಪರೀಕ್ಷೆ ಪಾಸಾಗಲು 6/12ಕ್ಕಿಂತ ತುಸು ಚೆನ್ನಾಗಿ ಕಾಣಬೇಕು.

ಭಾನುವಾರ ಬೆಳಿಗ್ಗೆ ಮೇಷ್ಟ್ರು 25 ಮೀಟರಿನ ಗೆರೆಯಲ್ಲಿ ನಿಂತರು. ಮಗಳು ಓದಿದಳು. ಅವರಿಗೆ ಪ್ಲೇಟಿದೆ ಎಂದು ಕಂಡಿತು, ಅಕ್ಷರ ಸಿಗಲಿಲ್ಲ. ಅಲ್ಲಿಗೇ ಬಿಡದೆ ಮುಂದಕ್ಕೆ ನಡೆಯುತ್ತ, ಓದಲು ಸಾಧ್ಯವಾದ ಜಾಗದಲ್ಲಿ ನಿಂತು ಮಗಳ ಕೈಲಿ ಅಳೆಸಿದರು. ಬರಿಗಣ್ಣಿಗೆ ಹನ್ನೊಂದು ಮೀಟರ್ ಚಿಲ್ಲರೆ. ಇನ್ನೊಂದು ಕಾರಿನ ಮುಂದೆ ಹಳೆಯ ಕನ್ನಡಕ ಹಾಕಿ ನೋಡಿದಾಗ ಹದಿನೈದರ ಹತ್ತಿರ. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಸೋಮವಾರ ನನ್ನ ಮುಂದಿಟ್ಟರು. ಚಾರ್ಟಿನಲ್ಲಿ ಪರೀಕ್ಷಿಸಿದಾಗ ಎರಡು ಕಣ್ಣೂ ಸೇರಿ ಬರಿಗಣ್ಣಿಗೆ 6/24, ಹಳೆಯ ಕನ್ನಡಕದಲ್ಲಿ 6/18. ಅವರ ಟೇಪಿನ ಲೆಕ್ಕಕ್ಕೂ ನನ್ನ ಚಾರ್ಟಿಗೂ ವ್ಯತ್ಯಾಸವೇ ಇರಲಿಲ್ಲ. ಗಣಿತದ ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಮನೆಯಲ್ಲಿ ಇದನ್ನು ಮಾಡುವವರು ಎರಡು ಮೂರು ಎಚ್ಚರ ವಹಿಸಬೇಕು. ಪರಿಚಯದ ಕಾರು ಬೇಡ, ನೆನಪು ಕಣ್ಣಿನ ಕೆಲಸ ಮಾಡಿಬಿಡುತ್ತದೆ. ಕಣ್ಣು ಕಿರಿದು ಮಾಡಬಾರದು. ಕಿರಿದಾದ ಸಂದಿಯಿಂದ ಬರುವ ಬೆಳಕು ಕಡಿಮೆ ಹರಡುವುದರಿಂದ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತದೆ, ಆದರೆ ಹಾಗೆಯೇ ಇಡೀ ದಾರಿ ಓಡಿಸಲಾಗುವುದಿಲ್ಲ. ಒಂದೊಂದೇ ಕಣ್ಣು ನೋಡುವಾಗ ಇನ್ನೊಂದನ್ನು ಅಂಗೈ ಬಟ್ಟಲು ಮಾಡಿ ಮುಚ್ಚಬೇಕು. ಬೆರಳಿಂದ ಒತ್ತಿದರೆ ಆ ಕಣ್ಣು ಆಮೇಲೆ ಸ್ವಲ್ಪ ಹೊತ್ತು ಮಸುಕಾಗಿರುತ್ತದೆ.

ಮಗಳ ಸಂದೇಶದಲ್ಲಿ ನಾನು ಬದಲಿಸುತ್ತಿದ್ದುದು ಒಂದೇ ವಾಕ್ಯ. ಓದಿದರೆ ಈ ಮಾತು ಮತ್ತೆ ಎತ್ತುವುದಿಲ್ಲ ಎಂದು ಆಕೆ ಮಾತು ಕೊಟ್ಟಿದ್ದಳು. ಹಗಲಿನಲ್ಲಿ ಪ್ಲೇಟು ಓದಿದವರಿಗೂ ರಾತ್ರಿಯ ಪ್ರಶ್ನೆ ಬಾಕಿ ಉಳಿಯುತ್ತದೆ. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ತಿದ್ದದ ನಂಬರಿನ ಮಸುಕು ಹೆಚ್ಚು. ಹಳದಿಗಟ್ಟಿದ ಲೆನ್ಸು ಬರುವ ಬೆಳಕಲ್ಲೂ ಪಾಲು ತಿನ್ನುತ್ತದೆ. ಎದುರು ಲಾರಿಯ ಹೆಡ್‌ಲೈಟ್ ಬಿದ್ದಾಗ ಪೊರೆ ಆ ಬೆಳಕನ್ನು ಕಣ್ಣೊಳಗೆಲ್ಲ ಚೆಲ್ಲುತ್ತದೆ, ದೀಪದ ಸುತ್ತ ಪ್ರಭೆ ಕಟ್ಟುತ್ತದೆ, ರಸ್ತೆಯ ಅಂಚು ಕ್ಷಣಕಾಲ ಮಾಯವಾಗುತ್ತದೆ. ಚೆಲ್ಲಿದ ಬೆಳಕನ್ನು ಕನ್ನಡಕ ತಿದ್ದಲಾರದು. ಆದ್ದರಿಂದ ಪ್ಲೇಟ್ ಓದಿದವರನ್ನೂ ಎದುರು ದೀಪ ಬಂದಾಗ ಹೇಗಿರುತ್ತದೆ ಎಂದು ಬೇರೆಯಾಗಿಯೇ ಕೇಳಬೇಕು.

ಪರೀಕ್ಷೆಯಲ್ಲಿ ನಾನು ಮೊದಲು ಮಾಡಿದ್ದು ಅವರ ಕಣ್ಣ ಮುಂದೆ ಸಣ್ಣ ತೂತಿನ ಕಪ್ಪು ಬಿಲ್ಲೆ ಹಿಡಿದದ್ದು. ತೂತಿನಿಂದ ನೋಡಿದಾಗ 6/24 ಇದ್ದದ್ದು 6/9ಕ್ಕೆ ಬಂತು. ಅಂದರೆ ನೋಟ ಕುಗ್ಗಿದ್ದರಲ್ಲಿ ದೊಡ್ಡ ಪಾಲು ನಂಬರಿನದು, ಕನ್ನಡಕಕ್ಕೆ ದಕ್ಕುವಂಥದ್ದು. ದಪ್ಪ ಕಾಗದಕ್ಕೆ ಪಿನ್ನಿನಿಂದ ತೂತು ಮಾಡಿ ಮನೆಯಲ್ಲೂ ಇದನ್ನು ನೋಡಬಹುದು. ತೂತಿನಲ್ಲಿ ದೂರದ ಅಂಗಡಿಯ ಬೋರ್ಡು ತಿಳಿಯಾದರೆ ಹೊಸ ನಂಬರಿನಿಂದ ಪ್ರಯೋಜನವಿದೆ. ತಿಳಿಯಾಗದಿದ್ದರೆ ಕನ್ನಡಕದ ಅಂಗಡಿಗಿಂತ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಂಬರ್ ಕೆಲವೇ ವಾರಗಳಲ್ಲಿ ಬದಲಾಗಿದೆ ಎನಿಸಿದರೆ ರಕ್ತದ ಸಕ್ಕರೆ ನೋಡಿಸಬೇಕು. ಸಕ್ಕರೆ ಏರಿದಾಗಲೂ ಲೆನ್ಸು ಹೀಗೆಯೇ ಮೈನಸ್ ಕಡೆಗೆ ವಾಲುತ್ತದೆ, ಅದು ಹತೋಟಿಗೆ ಬಂದು ನಿಲ್ಲುವ ಮುನ್ನ ಮಾಡಿಸಿದ ಕನ್ನಡಕ ಆಮೇಲೆ ಹೊಂದುವುದಿಲ್ಲ. ಮೇಷ್ಟ್ರ ಸಕ್ಕರೆ ಸರಿಯಾಗಿತ್ತು. ಆದರೂ ಡಾಕ್ಟರ ಬಳಿ ಕಳಿಸಿದೆ. ಕಣ್ಣಿನ ಒತ್ತಡ ಮತ್ತು ಹಿಂದಿನ ಪರದೆ ನೋಡದೆ ಈ ವಯಸ್ಸಿನಲ್ಲಿ ಕನ್ನಡಕ ಬರೆದು ಮುಗಿಸುವುದು ಸರಿಯಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ದಿನ ಕೆಲವು ಗಂಟೆ ಕಣ್ಣು ಮಂಜಾಗಿ ಬಿಸಿಲು ಕುಕ್ಕುತ್ತದೆ, ಆ ದಿನ ಕಾರು ಬೇರೆಯವರು ಓಡಿಸಬೇಕು.

ಹೊಸ ನಂಬರಿನಲ್ಲಿ ಅವರಿಗೆ 6/9 ಸಿಕ್ಕಿತು. ಪ್ಲೇಟಿನ ಲೆಕ್ಕದಲ್ಲಿ 30 ಮೀಟರ್. ಇನ್ನು ಯಾವ ಬಗೆಯ ಕನ್ನಡಕ ಎಂಬ ಪ್ರಶ್ನೆ. ಇಲ್ಲಿ ಅವರ ಕಣ್ಣೇ ಒಂದು ಅನುಕೂಲ ಮಾಡಿಕೊಟ್ಟಿತ್ತು. ಓದಲು ಅವರಿಗೆ ಗಾಜೇ ಬೇಡ. ದೂರಕ್ಕೆ ಮಾತ್ರ ಒಂದು ಜೊತೆ ಮಾಡಿಸಿ, ಓಡಿಸುವಾಗ ಹಾಕಿ, ಪೇಪರ್ ಹಿಡಿದಾಗ ತೆಗೆದಿಡಬಹುದು. ಬರಿಗಣ್ಣಿನಲ್ಲಿ ಓದುವ ಸಂತೋಷವನ್ನು ಅವರು ಬಿಟ್ಟುಕೊಡಬೇಕಿಲ್ಲ. ಇದನ್ನು ಹೇಳಿದಾಗ ಅವರ ಮುಖ ಸಡಿಲವಾದದ್ದು ಮಗಳೂ ಕಂಡಳು. ಬರೀ ದೂರದ ಗಾಜಿನಲ್ಲಿ ಡ್ಯಾಶ್‌ಬೋರ್ಡಿನ ಮೀಟರ್ ಸ್ವಲ್ಪ ಮಸುಕಾಗುತ್ತದೆ, ಅದನ್ನು ಮೊದಲೇ ಹೇಳಿಬಿಡಬೇಕು. ಅವರ ಕಾರಿನ ದಪ್ಪ ಅಂಕಿಗಳು ಸಾಕಷ್ಟು ಕಂಡವು. ಫೋನಿನ ಮ್ಯಾಪ್ ನೋಡಿಕೊಂಡು ಓಡಿಸುವವರಾಗಿದ್ದರೆ ಬೈಫೋಕಲ್ಲೇ ಬೇಕಾಗುತ್ತಿತ್ತು. ಪ್ರೋಗ್ರೆಸಿವ್ ಗಾಜಿನಲ್ಲಿ ಕೆಳಗೆ ಎರಡೂ ಬದಿ ನೋಟ ಅಲುಗಿದಂತಾಗುತ್ತದೆ, ರೂಢಿಯಾಗಲು ದಿನಗಳು ಹಿಡಿಯುತ್ತವೆ. ಒಮ್ಮೆ ಕನ್ನಡಕದ ಮೇಲೆ ಬೇಸರಪಟ್ಟು ಬಿಟ್ಟವರಿಗೆ ಮೊದಲ ಸಲವೇ ಅದನ್ನು ಕೊಡಲು ನಾನು ಒಪ್ಪುವುದಿಲ್ಲ.

ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪ ಇರಲಿ ಎಂದೆ. ಫ್ರೇಮಿನ ಕಡ್ಡಿ ತೆಳ್ಳಗಿರಲಿ, ಅಗಲ ಕಡ್ಡಿ ಪಕ್ಕದಿಂದ ನುಗ್ಗುವ ಬೈಕನ್ನು ಮರೆಮಾಡುತ್ತದೆ. ರಾತ್ರಿ ಓಡಿಸಲೆಂದು ಮಾರುವ ಹಳದಿ ಕನ್ನಡಕವನ್ನು ಅಳಿಯ ತಂದುಕೊಟ್ಟಿದ್ದನಂತೆ. ಅದನ್ನು ಬಿಡಿಸಿದೆ. ಮೊದಲೇ ಬೆಳಕು ಸಾಲದ ಕಣ್ಣಿಗೆ ಅದು ಇನ್ನಷ್ಟು ಬೆಳಕು ಕಡಿಮೆ ಮಾಡುತ್ತದೆ.

ಹೊಸ ಕನ್ನಡಕ ಬಂದ ದಿನವೇ ಸ್ಟೇರಿಂಗ್ ಹಿಡಿಯಬಾರದು. ಬರಿಗಣ್ಣಿನಿಂದ ಮೈನಸ್ ಎರಡಕ್ಕೆ ಒಮ್ಮೆಲೇ ಹೋದಾಗ ವಸ್ತುಗಳು ಚಿಕ್ಕದಾಗಿ, ನೆಲ ತುಸು ದೂರ ಸರಿದಂತೆ ಕಾಣುತ್ತದೆ. ಮೆಟ್ಟಿಲಲ್ಲಿ ಕಾಲು ತಡವರಿಸುತ್ತದೆ. ಮೊದಲು ಮನೆಯಲ್ಲಿ, ಟಿ.ವಿ. ಮುಂದೆ, ಸಂಜೆ ನಡಿಗೆಯಲ್ಲಿ ಹಾಕಿ ರೂಢಿಸಿಕೊಂಡು, ಆಮೇಲೆ ಹಗಲಲ್ಲಿ ಪರಿಚಿತ ದಾರಿಯಲ್ಲಿ ಓಡಿಸಬೇಕು. ರಾತ್ರಿ ಅದಕ್ಕೂ ನಂತರ. ವಾರ ಎರಡು ವಾರ ಕಳೆದರೂ ತಲೆ ಸುತ್ತಿದರೆ ಗಾಜಿನ ನಡುಬಿಂದು ಪಾಪೆಗೆ ನೇರವಾಗಿ ಕೂತಿದೆಯೇ ಎಂದು ಅಂಗಡಿಯಲ್ಲಿ ಅಳೆಸಬೇಕು. ಅಭ್ಯಾಸವಾಗುತ್ತದೆ ಎಂದು ಸಹಿಸಿಕೊಂಡವರ ಕನ್ನಡಕವೇ ಮತ್ತೆ ಖಾನೆ ಸೇರುವುದು. ಮೇಷ್ಟ್ರ ಮನೆಯಲ್ಲಿ ಕನ್ನಡಕದ ಡಬ್ಬಿಯನ್ನು ಕಾರಿನ ಕೀಲಿ ತೂಗುವ ಗೂಟದ ಕೆಳಗೇ ಇಟ್ಟಿದ್ದಾರೆ. ಕಾರಿನೊಳಗೇ ಬಿಟ್ಟರೆ ನೆನಪಿನ ತೊಂದರೆ ಇರುವುದಿಲ್ಲ ನಿಜ, ಆದರೆ ಬಿಸಿಲಲ್ಲಿ ನಿಂತ ಕಾರಿನ ಶಾಖಕ್ಕೆ ಗಾಜಿನ ಲೇಪ ಸೀಳು ಬಿಡುತ್ತದೆ.

ಡಾಕ್ಟರು ಪೊರೆ ಇನ್ನೂ ಎಳೆಯದೆಂದೂ ಆರು ತಿಂಗಳಿಗೊಮ್ಮೆ ತೋರಿಸಬೇಕೆಂದೂ ಹೇಳಿದ್ದಾರೆ. ಪೊರೆ ಮುಂದುವರಿದಂತೆ ನಂಬರ್ ಮತ್ತೆ ಏರುತ್ತದೆ, ಈ ಕನ್ನಡಕವೂ ಒಂದು ದಿನ ಸಾಲದಾಗುತ್ತದೆ. ಅದಕ್ಕಾಗಿಯೇ ದುಬಾರಿ ಗಾಜು ಬೇಡವೆಂದೆ. ಹೊಸ ನಂಬರಿನಲ್ಲೂ 25 ಮೀಟರಿನ ಪ್ಲೇಟು ಸಿಗದಾದಾಗ, ಅಥವಾ ಎದುರು ದೀಪಕ್ಕೆ ರಸ್ತೆ ಅಳಿಸಿಹೋಗತೊಡಗಿದಾಗ ಆಪರೇಷನ್ನಿನ ಮಾತು ಬರುತ್ತದೆ. ಆಗ ಒಳಗಿನ ಲೆನ್ಸೇ ಬದಲಾಗುವುದರಿಂದ ಹಿಂದಿನ ಎಲ್ಲ ನಂಬರೂ ರದ್ದು. ಒಂದು ಕಣ್ಣಿನದು ಮುಗಿದು ಇನ್ನೊಂದು ಬಾಕಿ ಇರುವ ವಾರಗಳಲ್ಲಿ ಎರಡು ಕಣ್ಣಿನ ನಂಬರಿಗೂ ಹೊಂದಾಣಿಕೆ ಇರುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ. ಆ ಅವಧಿಯಲ್ಲಿ ಡಾಕ್ಟರು ಆಗಬಹುದು ಎನ್ನುವವರೆಗೆ ಸ್ಟೇರಿಂಗ್ ಬೇರೆಯವರ ಕೈಯಲ್ಲಿರಬೇಕು. ಚಿಕ್ಕಪ್ಪನ ಗಾಡಿಯ ಏರ್ಪಾಟನ್ನು ಆಗಲೂ ಮಾಡಿಕೊಳ್ಳುತ್ತೇವೆ ಎಂದು ಮೇಷ್ಟ್ರೇ ಹೇಳಿ ಹೋದರು.